ನವೆಂಬರ್ ಬಂತು, ಪಿಪಿಒ ಪುಸ್ತಕ ಎಲ್ಲಿದೆ?

ಕಳೆದ ವರ್ಷ ಮೊಮ್ಮಗುವಿನ ಬಾಣಂತನಕ್ಕೆಂದು ನಮ್ಮ ಅತ್ತೆಯವರು ಸೆಪ್ಟೆಂಬರಿನಲ್ಲಿ ಭಾರತದಿಂದ ಇಲ್ಲಿಗೆ, ವಿದೇಶದಲ್ಲಿರುವ ನಮ್ಮ ಮನೆಗೆ ಬಂದರು. ಅವರು ಕೇಂದ್ರ ಸರ್ಕಾರದ ನೌಕರಿಯಿಂದ ನಿವೃತ್ತರಾದವರು, ವಯಸ್ಸು 74. ಹೊರಡುವ ಮೊದಲು ಬ್ಯಾಂಕಿಗೆ ಹೋಗಿ ಜೀವಿತ ಪ್ರಮಾಣಪತ್ರ ಕೊಡಲು ನೋಡಿದ್ದರಂತೆ. "ಈಗ ಕೊಟ್ಟರೆ ಲೆಕ್ಕಕ್ಕೆ ಬರುವುದಿಲ್ಲ, ನವೆಂಬರಿನಲ್ಲಿ ಬನ್ನಿ" ಎಂದು ಹೇಳಿ ಕಳುಹಿಸಿದ್ದರು. ಬ್ಯಾಂಕಿನವರು ಹೇಳಿದ್ದು ಸರಿ. ಕೇಂದ್ರ ಸರ್ಕಾರದ ಪಿಂಚಣಿದಾರರು ಇದನ್ನು ಪ್ರತಿವರ್ಷ ನವೆಂಬರಿನಲ್ಲೇ ಸಲ್ಲಿಸಬೇಕು. 80 ದಾಟಿದವರು ಮಾತ್ರ ಅಕ್ಟೋಬರ್ 1ರಿಂದಲೇ ಸಲ್ಲಿಸಬಹುದು. ಭವಿಷ್ಯ ನಿಧಿಯ ಇಪಿಎಸ್ ಪಿಂಚಣಿ ಪಡೆಯುವವರ ಕ್ರಮ ಬೇರೆ. ಅವರು ವರ್ಷದ ಯಾವ ತಿಂಗಳಲ್ಲಾದರೂ ಕೊಡಬಹುದು, ಕೊಟ್ಟ ದಿನದಿಂದ ಒಂದು ವರ್ಷ ನಡೆಯುತ್ತದೆ.

"ಬದುಕಿದ್ದೇನೆ ಎಂದು ಪ್ರತಿವರ್ಷ ನಾನೇ ಹೇಳಬೇಕೇ?" ಎಂದು ಅತ್ತೆ ನೊಂದುಕೊಂಡಿದ್ದರು. ಅವರ ನೋವು ನನಗೆ ಅರ್ಥವಾಗುತ್ತದೆ. ಆದರೆ ಪಿಂಚಣಿ ಎನ್ನುವುದು ಜೀವವಿರುವ ತನಕ ಸಲ್ಲುವ ಹಣ. ಅದು ತಿಂಗಳು ತಿಂಗಳು ತಾನಾಗಿ ಖಾತೆಗೆ ಬೀಳುತ್ತದೆ, ಖಾತೆದಾರರು ತೀರಿಕೊಂಡರೆ ಮನೆಯವರು ತಿಳಿಸದ ಹೊರತು ಬ್ಯಾಂಕಿಗೆ ಗೊತ್ತಾಗುವುದಿಲ್ಲ. ಹಾಗೆ ಹೆಚ್ಚಾಗಿ ಸಂದಾಯವಾದ ಹಣವನ್ನು ಮುಂದೆ ಮರಳಿ ಪಡೆಯುತ್ತಾರೆ. ದುಃಖದಲ್ಲಿರುವ ಮನೆಗೆ ಅದು ಇನ್ನೊಂದು ಹೊರೆ.

ನವೆಂಬರಿನ ಮೊದಲ ವಾರ ನಾವು ಮೊಬೈಲಿನಲ್ಲೇ ಈ ಕೆಲಸ ಮಾಡಿದೆವು. ಸರ್ಕಾರದ ಜೀವನ್ ಪ್ರಮಾಣ್ ವ್ಯವಸ್ಥೆ 2014ರಿಂದ ಇದೆ. 2021ರಿಂದ ಬೆರಳಚ್ಚಿನ ಯಂತ್ರವಿಲ್ಲದೆ ಮುಖ ತೋರಿಸಿಯೂ ದೃಢಪಡಿಸಬಹುದು. ಇದಕ್ಕೆ Jeevan Pramaan ಮತ್ತು AadhaarFaceRD ಎಂಬ ಎರಡು ಆ್ಯಪ್‌ಗಳು ಬೇಕು. ಫೋನ್ ಹಿಡಿದು ನೆರವಾಗುವವರನ್ನು ಆ್ಯಪ್ 'ಆಪರೇಟರ್' ಎಂದು ಕರೆಯುತ್ತದೆ, ಮೊದಲು ಅವರ ಆಧಾರ್ ಮತ್ತು ಮುಖವನ್ನೇ ಕೇಳುತ್ತದೆ. ಪಿಂಚಣಿದಾರರೇ ಆಪರೇಟರ್ ಆಗಬಹುದು. ಅತ್ತೆಯವರು ಹಾಗೆಯೇ ಮಾಡಿದರು. ಒಟಿಪಿಗಾಗಿ ಅವರ ಭಾರತದ ಸಿಮ್ ಚಾಲೂ ಇಟ್ಟುಕೊಂಡಿದ್ದೆವು. ಕಿಟಕಿಗೆ ಬೆನ್ನು ಹಾಕಿ ಕುಳಿತಾಗ ಮುಖ ಕಪ್ಪಾಗಿ ಎರಡು ಸಲ ಸೋತಿತು. ಬೆಳಕಿಗೆ ಮುಖ ಮಾಡಿ, ಕನ್ನಡಕ ತೆಗೆದು, ಕಣ್ಣು ಮಿಟುಕಿಸಿದೊಡನೆ ಆಯಿತು. ಪ್ರಮಾಣ್ ಐಡಿ ಬಂತು. ಕೆಲಸ ಮುಗಿಯಿತು ಎಂದುಕೊಂಡೆವು.

ನಾವು ಎಡವಿದ್ದು ಇಲ್ಲಿಯೇ. ಐಡಿ ಬಂದರೆ ಪ್ರಮಾಣಪತ್ರ ತಯಾರಾಯಿತು ಎಂದಷ್ಟೇ ಅರ್ಥ. ಅದನ್ನು ಪಿಂಚಣಿ ಕೊಡುವ ಬ್ಯಾಂಕ್ ತನ್ನ ದಾಖಲೆಯೊಂದಿಗೆ ಹೋಲಿಸಿ ಒಪ್ಪಬೇಕು, ಒಪ್ಪದೆಯೂ ಇರಬಹುದು. ನಾನು ಖಾತೆ ಸಂಖ್ಯೆ ತುಂಬುವಾಗ ಒಂದು ಅಂಕಿ ತಪ್ಪಿತ್ತು. ತಿರಸ್ಕೃತವಾದ ಸಂದೇಶ ಭಾರತದ ಸಂಖ್ಯೆಗೆ ಬಂದಿತ್ತು, ಅಷ್ಟರಲ್ಲಿ ನಾವು ಆ ಸಿಮ್ ತೆಗೆದು ಡಬ್ಬಿಯಲ್ಲಿಟ್ಟಿದ್ದೆವು. ಡಿಸೆಂಬರಿನ ಪಿಂಚಣಿ ಬರಲಿಲ್ಲ. ಜನವರಿಯಲ್ಲಿ ಪಾಸ್‌ಬುಕ್ ಮುಂದಿಟ್ಟುಕೊಂಡು ಒಂದೊಂದೇ ಅಂಕಿ ಓದಿ ಹೊಸದಾಗಿ ಸಲ್ಲಿಸಿದೆವು. ನಿಂತ ಹಣ ಬಾಕಿಯಾಗಿ ಒಟ್ಟಿಗೆ ಬಂತು.

ಆದ್ದರಿಂದ ಪಿಪಿಒ, ಅಂದರೆ ಪಿಂಚಣಿ ಪಾವತಿ ಆದೇಶದ ಸಂಖ್ಯೆಯನ್ನು ಆ ಆದೇಶದ ಪ್ರತಿಯಿಂದಲೇ ನೋಡಿ ತುಂಬಿ. ಕೇಂದ್ರದ ನಾಗರಿಕ ಸೇವೆಯವರಿಗೆ ಅದು 12 ಅಂಕಿಯದು. ಪಿಂಚಣಿ ಮಂಜೂರು ಮಾಡಿದ ಇಲಾಖೆ ಮತ್ತು ಹಣ ಕೊಡುವ ಬ್ಯಾಂಕ್ ಎಂಬ ಎರಡು ಆಯ್ಕೆಗಳನ್ನು ಅದಲುಬದಲು ಮಾಡಬೇಡಿ. ಗಂಡನ ಕುಟುಂಬ ಪಿಂಚಣಿಯೂ ಬರುತ್ತಿದ್ದರೆ ಅದರ ಪಿಪಿಒಗೆ ಪ್ರತ್ಯೇಕವಾಗಿ ಸಲ್ಲಿಸಬೇಕು. ಕೆಲವು ದಿನ ಬಿಟ್ಟು ಜಾಲತಾಣದಲ್ಲಿ ಸ್ಥಿತಿ ನೋಡಿ, ಅಲ್ಲಿಯವರೆಗೆ ಸಿಮ್ ತೆಗೆಯಬೇಡಿ.

ನಮ್ಮಲ್ಲಿ ಹಲವು ಹಿರಿಯರ ಬಳಿ ಆಧಾರ್ ಇಲ್ಲ. ವಿದೇಶಿ ಪೌರತ್ವ ಪಡೆದು ಒಸಿಐ ಕಾರ್ಡ್ ಹೊಂದಿದವರಿಗೆ, ಹಿಂದಿನ 12 ತಿಂಗಳಲ್ಲಿ 182 ದಿನ ಭಾರತದಲ್ಲಿ ಇರದಿದ್ದರೆ ಅದು ಸಿಗುವುದೂ ಇಲ್ಲ. ಅವರಿಗೆ ಕಾಗದದ ದಾರಿ ಇದೆ. ಬ್ಯಾಂಕಿನ ನಮೂನೆಯನ್ನು ಮೊದಲೇ ತರಿಸಿಕೊಂಡು, ಭಾರತದ ರಾಯಭಾರ ಕಚೇರಿ ಅಥವಾ ಕಾನ್ಸುಲೇಟ್ ಅಧಿಕಾರಿ, ನೋಟರಿ, ಮ್ಯಾಜಿಸ್ಟ್ರೇಟ್, ಬ್ಯಾಂಕ್ ಅಧಿಕಾರಿ ಇವರಲ್ಲಿ ಒಬ್ಬರ ಎದುರಿಗೆ ಸಹಿ ಮಾಡಬೇಕು. ಮನೆಯಲ್ಲೇ ಸಹಿ ಹಾಕಿಕೊಂಡು ಹೋಗಬೇಡಿ. ಅವರು ದೃಢೀಕರಿಸುವುದು ತಮ್ಮ ಕಣ್ಣೆದುರು ಹಾಕಿದ ಸಹಿಯನ್ನು. ಮೂಲ ಪ್ರತಿಯನ್ನು ನೋಂದಾಯಿತ ಅಂಚೆಯಲ್ಲಿ ಕಳುಹಿಸಿ, ಒಂದು ನಕಲನ್ನು ಇಟ್ಟುಕೊಳ್ಳಿ, ಊರಿನಲ್ಲಿರುವ ಯಾರಾದರೂ ಶಾಖೆಗೆ ಹೋಗಿ ದಾಖಲಾಗಿದೆಯೇ ಎಂದು ಕೇಳಿ ಬರಲಿ.

ನವೆಂಬರಿನ ಪ್ರತಿ ಭಾನುವಾರ ಕನ್ನಡ ಶಾಲೆ ಮುಗಿದ ಮೇಲೆ ನಾನು ಒಂದು ಗಂಟೆ ಅಲ್ಲಿಯೇ ಇರುತ್ತೇನೆ. ಅಪ್ಪ ಅಮ್ಮನನ್ನು ಕರೆದುಕೊಂಡು ಬನ್ನಿ. ಪಿಪಿಒ, ಪಾಸ್‌ಬುಕ್, ಆಧಾರ್ ಮೂರನ್ನೂ ತನ್ನಿ, ಊರಿನ ಸಿಮ್ ಮೊಬೈಲಿನಲ್ಲೇ ಇರಲಿ.