ಕಾನೂನು ಸಚಿವರೇ, ಮೊಬೈಲ್ ಸಾಕ್ಷ್ಯದ ಪಾಠಕ್ಕೂ ಒಂದು ಪ್ರಾಕ್ಟಿಕಲ್ ಕೊಡಿ

ಮಾನ್ಯ ಕಾನೂನು ಸಚಿವರಿಗೆ ನಮಸ್ಕಾರ.

ನಾನು ರಾಯಚೂರಿನಲ್ಲಿ ಕಾನೂನು ವಿದ್ಯಾರ್ಥಿಗಳಿಗೆ ಸೈಬರ್ ಕಾನೂನು ಪಾಠ ಮಾಡುವವನು. ಮೊಬೈಲ್, ಕಂಪ್ಯೂಟರಿನಲ್ಲಿರುವ ದಾಖಲೆಯನ್ನು ಕೋರ್ಟು ಸಾಕ್ಷ್ಯವಾಗಿ ಒಪ್ಪುವುದು ಹೇಗೆ ಅಂತ ಹೇಳುವ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63 ನಮ್ಮ ಹುಡುಗರಿಗೆ ಬಾಯಿಪಾಠ ಬರುತ್ತದೆ. ಹಳೇ ಕಾಯ್ದೆಯ 65ಬಿ ಜಾಗಕ್ಕೆ ಇದು 2024ರ ಜುಲೈ 1ರಿಂದ ಬಂತು ಅಂತಲೂ ಹೇಳುತ್ತಾರೆ. ಆದರೆ ಒಂದು ಮೊಬೈಲ್ ಕೈಗೆ ಕೊಟ್ಟು, ಇದರಲ್ಲಿರುವ ಫೋಟೋವನ್ನು ಕೋರ್ಟಿಗೆ ಹಾಜರುಪಡಿಸಿ ನೋಡೋಣ ಅಂದರೆ ಸುಮ್ಮನಾಗುತ್ತಾರೆ. ತಪ್ಪು ಅವರದಲ್ಲ, ಪರೀಕ್ಷೆಯಲ್ಲಿ ಯಾರೂ ಅದನ್ನು ಕೇಳುವುದಿಲ್ಲ.

ನಾನು ಕ್ಲಾಸಿನಲ್ಲಿ ಕೊಡುವ ಉದಾಹರಣೆ ಇದು. ಸಿಂಧನೂರಿನ ರೈತರೊಬ್ಬರು ವ್ಯಾಪಾರಿಗೆ ಭತ್ತ ಕೊಟ್ಟಿದ್ದಾರೆ, ದುಡ್ಡು ಬಂದಿಲ್ಲ. ಅವರ ಹತ್ತಿರ ಇರುವುದು ವೇಬ್ರಿಡ್ಜ್ ಚೀಟಿಯ ಫೋಟೋ ಮತ್ತು "ಮುಂದಿನ ವಾರ ಹಾಕ್ತೀನಿ" ಅನ್ನುವ ವಾಟ್ಸಾಪ್ ಮೆಸೇಜ್, ಅಷ್ಟೇ. ಫೋಟೋವನ್ನು ವಕೀಲರಿಗೆ ವಾಟ್ಸಾಪಿನಲ್ಲಿ ಕಳಿಸುತ್ತಾರೆ. ವಕೀಲರ ಜೂನಿಯರ್ ಅದನ್ನೇ ಪೆನ್‌ಡ್ರೈವಿಗೆ ಹಾಕುತ್ತಾನೆ. ಸೆಕ್ಷನ್ 63 ಪ್ರಕಾರ ಇಂಥ ಕಾಪಿಯ ಜೊತೆ ಕೊಡಬೇಕಾದ ಸರ್ಟಿಫಿಕೇಟಿನಲ್ಲಿ ಫೈಲಿನ ಗುರುತಾಗಿ ಬರೆಯುವ ಹ್ಯಾಶ್ ಮಾತ್ರ ರೈತರ ಫೋನಿನಲ್ಲಿರುವ ಮೂಲ ಫೋಟೋದ್ದು.

ಎಡವಟ್ಟು ಆಗುವುದು ಇಲ್ಲೇ. ವಾಟ್ಸಾಪಿನಲ್ಲಿ ಫೋಟೋ ಅಂತ ಕಳಿಸಿದರೆ ಅದು ಸೈಜ್ ಕುಗ್ಗಿಸಿ ಕಳಿಸುತ್ತದೆ. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ, ಆದರೆ ಫೈಲ್ ಬೇರೆಯಾಗಿರುತ್ತದೆ. ಹ್ಯಾಶ್ ಅನ್ನುವುದು ಫೈಲಿನ ಪ್ರತಿಯೊಂದು ಬೈಟನ್ನೂ ಲೆಕ್ಕ ಹಾಕಿ ಬರುವ ಗುರುತು. SHA256 ಆದರೆ 64 ಅಕ್ಷರ ಮತ್ತು ಅಂಕಿಗಳ ಸಾಲು. ಒಂದು ಚುಕ್ಕೆ ಬದಲಾದರೂ ಇಡೀ ಸಾಲು ಬದಲಾಗುತ್ತದೆ. ಎದುರು ವಕೀಲರು ಪೆನ್‌ಡ್ರೈವಿನ ಫೈಲನ್ನು ಕಂಪ್ಯೂಟರಿಗೆ ಹಾಕಿ ಈ ಒಂದು ಸಾಲು ಹೊಡೆದರೆ ಸಾಕು:

```
certutil -hashfile IMG_20250112_101522.jpg SHA256
```

ಸರ್ಟಿಫಿಕೇಟಿನಲ್ಲಿ ಬರೆದದ್ದಕ್ಕೂ ಪರದೆಯ ಮೇಲೆ ಬಂದದ್ದಕ್ಕೂ ತಾಳೆಯಾಗುವುದಿಲ್ಲ. ಅದೇ ಫೋಟೋವನ್ನು ಕೇಬಲ್ ಹಾಕಿ ನೇರ ಕಾಪಿ ಮಾಡಿದ್ದರೆ, ಕೊನೆಗೆ ವಾಟ್ಸಾಪಿನಲ್ಲೇ 'ಡಾಕ್ಯುಮೆಂಟ್' ಅಂತ ಕಳಿಸಿದ್ದರೂ, ಹ್ಯಾಶ್ ಹಾಗೇ ಉಳಿಯುತ್ತಿತ್ತು. ಇದನ್ನು ತೋರಿಸಲು ಹತ್ತು ನಿಮಿಷ ಜಾಸ್ತಿ, ನೋಟ್ಸ್ ಬರೆಸಿದರೆ ಮಾತ್ರ ಯಾರ ತಲೆಗೂ ಹೋಗುವುದಿಲ್ಲ. ಡಿಜಿಟಲ್ ಸಹಿ ನಿಂತಿರುವುದೂ ಈ ಹ್ಯಾಶ್ ಮೇಲೆಯೇ, 2000ದ ಐಟಿ ಕಾಯ್ದೆಯ ಸೆಕ್ಷನ್ 3 ಅದನ್ನೇ ಹೇಳುತ್ತದೆ. ಆದರೂ ಸಹಿ ಸ್ಕ್ಯಾನ್ ಮಾಡಿ ಪಿಡಿಎಫಿಗೆ ಅಂಟಿಸಿದರೆ ಡಿಜಿಟಲ್ ಸಹಿ ಆಯಿತು ಅಂದುಕೊಂಡೇ ಎಷ್ಟೋ ಮಂದಿ ಪದವಿ ಮುಗಿಸುತ್ತಾರೆ.

ಹ್ಯಾಶ್ ಸರಿಹೊಂದಿದರೆ ಕೇಸ್ ಗೆದ್ದ ಹಾಗೆ ಅಂತಲೂ ಅಲ್ಲ. ಹ್ಯಾಶ್ ತೆಗೆದ ಮೇಲೆ ಫೈಲ್ ಬದಲಾಗಿಲ್ಲ ಅಂತ ಮಾತ್ರ ಅದು ಹೇಳುತ್ತದೆ. ಆ ಮೆಸೇಜ್ ಕಳಿಸಿದ್ದು ವ್ಯಾಪಾರಿಯೇ ಅನ್ನುವುದನ್ನು ಬೇರೆಯಾಗಿ ರುಜುವಾತು ಮಾಡಬೇಕು: ನಂಬರ್ ಯಾರ ಹೆಸರಿನಲ್ಲಿದೆ, ಹಿಂದಿನ ವ್ಯವಹಾರ ಅದೇ ನಂಬರಿನಿಂದ ನಡೆದಿತ್ತಾ, ಅವರು ಉತ್ತರದಲ್ಲಿ ಏನು ಒಪ್ಪಿಕೊಂಡಿದ್ದಾರೆ ಅಂತೆಲ್ಲ.

ಮೂಲ ಫೋನನ್ನೇ ತಂದು, ಅದರ ಮಾಲೀಕರೇ ಸಾಕ್ಷಿಕಟ್ಟೆ ಹತ್ತಿ ಇದು ನನ್ನದೇ ಅಂತ ಹೇಳಿದರೆ ಸರ್ಟಿಫಿಕೇಟ್ ಬೇಕಿಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಅರ್ಜುನ್ ಪಂಡಿತ್‌ರಾವ್ ಖೋತ್ಕರ್ ಪ್ರಕರಣದಲ್ಲಿ ಹೇಳಿದೆ, ಹಳೇ 65ಬಿ ಕೆಳಗೆ. ಆದರೆ ಬ್ಯಾಂಕು, ಫೋನ್‌ಪೇ ಎಲ್ಲ ಇರುವ ಒಂದೇ ಫೋನನ್ನು ರೈತರು ಕೋರ್ಟಿನಲ್ಲಿ ಬಿಟ್ಟು ಹೋಗಲು ಆಗುತ್ತದೆಯೇ? ಅದಕ್ಕೇ ಸರ್ಟಿಫಿಕೇಟಿನ ದಾರಿಯೇ ಮುಖ್ಯ.

ಆ ಸರ್ಟಿಫಿಕೇಟಿನಲ್ಲಿ ಈಗ ಎರಡು ಭಾಗ ಇವೆ. ಎ ಭಾಗವನ್ನು ಫೋನಿನ ಮಾಲೀಕರೇ ತುಂಬಬಹುದು. ಬಿ ಭಾಗಕ್ಕೆ ತಜ್ಞರ ಸಹಿ ಬೇಕು. ಆ ತಜ್ಞರು ಯಾರು ಅಂತ ಸೆಕ್ಷನ್ 63 ಬಿಡಿಸಿ ಹೇಳುವುದಿಲ್ಲ. ಐಟಿ ಕಾಯ್ದೆಯ 79ಎ ಕೆಳಗೆ ಕೇಂದ್ರ ಅಧಿಸೂಚನೆ ಹೊರಡಿಸಿದ ಲ್ಯಾಬೇ ಆಗಬೇಕಾ, ಕಂಪ್ಯೂಟರ್ ತಿಳಿದ ಬೇರೆಯವರು ಆಗಬಹುದಾ? ಪ್ರತಿ ಬ್ಯಾಚಿನ ಹುಡುಗರೂ ಕೇಳುತ್ತಾರೆ, ಸರ್, ಮಾನ್ವಿಯ ಒಬ್ಬ ಕಕ್ಷಿದಾರರು ಇದಕ್ಕೆ ಯಾರ ಹತ್ತಿರ ಹೋಗಬೇಕು? ನನಗೆ ಖಚಿತವಾಗಿ ತೋರಿಸಲು ಒಂದು ಬಾಗಿಲು ಇಲ್ಲ.

ನಿಮ್ಮಲ್ಲಿ ಕೇಳುವುದು ಎರಡೇ. ಕಾನೂನು ವಿಶ್ವವಿದ್ಯಾಲಯದವರನ್ನು ಕೂರಿಸಿಕೊಂಡು ಮಾತಾಡಿ, ಸೈಬರ್ ಕಾನೂನು ಪತ್ರಿಕೆಯ ಆಂತರಿಕ ಅಂಕಗಳಲ್ಲಿ ಒಂದು ಪಾಲನ್ನು ಈ ಕೆಲಸಕ್ಕೆ ಇಡಿಸಿ: ವಿದ್ಯಾರ್ಥಿ ಫೋನಿನಿಂದ ಫೈಲ್ ತೆಗೆಯಬೇಕು, ಹ್ಯಾಶ್ ಮಾಡಬೇಕು, ಎ ಭಾಗ ತುಂಬಬೇಕು, ಮೂಟ್ ಕೋರ್ಟಿನಲ್ಲಿ ಎದುರಿನವರ ಪಾಟೀಸವಾಲು ಎದುರಿಸಬೇಕು. ಅದಕ್ಕೆ ನಾಲ್ಕು ಹಳೇ ಫೋನು, ಒಂದು ಕಂಪ್ಯೂಟರ್ ಸಾಕು. ಎರಡನೆಯದು, ಬಿ ಭಾಗಕ್ಕೆ ಸಹಿ ಹಾಕುವ ತಜ್ಞರು ಯಾರು ಅಂತ ಕೇಂದ್ರದಿಂದ ಲಿಖಿತ ಸ್ಪಷ್ಟನೆ ಕೇಳಿ, ಉತ್ತರ ಬಂದ ಮೇಲೆ ರಾಯಚೂರು, ಕೊಪ್ಪಳ, ಬಳ್ಳಾರಿಯ ಜಿಲ್ಲಾ ವಕೀಲರ ಸಂಘಗಳಿಗೂ ಕಾನೂನು ಕಾಲೇಜುಗಳಿಗೂ ಅದರ ಪ್ರತಿ ಕಳಿಸಿಕೊಡಿ.

ಇಂತಿ,
ರಾಯಚೂರಿನ ಒಬ್ಬ ಕಾನೂನು ಉಪನ್ಯಾಸಕ