ಸಿಎಸ್‌ವಿ ಓದುವ ನಮ್ಮ ಪುಟ್ಟ ಲೈಬ್ರರಿಯ 1.0.0 ಬಂತು

ನಮ್ಮ ಸಿಎಸ್‌ವಿ ಲೈಬ್ರರಿಯ ಮೊದಲ ಸ್ಥಿರ ಆವೃತ್ತಿ ಇವತ್ತು ಬಿಡುಗಡೆಯಾಯಿತು. ದೊಡ್ಡ ಫೈಲನ್ನು ಪೂರ್ತಿ ಮೆಮೊರಿಗೆ ತುಂಬಿಕೊಳ್ಳದೆ, ತುಂಡು ತುಂಡಾಗಿ ಓದಿ ಒಂದೊಂದೇ ದಾಖಲೆ ಕೊಡುವುದು ಇದರ ಕೆಲಸ. ಇನ್ನು 2.0.0 ತನಕ ನಿಮ್ಮ ಕೋಡ್ ಮುರಿಯುವಂಥ ಬದಲಾವಣೆ ಮಾಡುವುದಿಲ್ಲ.

ಈ ಮಾತು ಕೊಡುವ ಧೈರ್ಯ ಬಂದದ್ದು ಒಬ್ಬರು ಕಳಿಸಿದ ಟೆಸ್ಟ್‌ನಿಂದ. ನನ್ನ ಮೊದಲ ಥ್ಯಾಂಕ್ಸ್ ಅವರಿಗೇ. ಈ ಸಾಲು ನೋಡಿ:

```
7,"ಅವರು ""ಸರಿ"" ಅಂದರು"
```

ಕೋಟ್ ಒಳಗೆ ಮತ್ತೊಂದು ಕೋಟ್ ಬೇಕಾದರೆ ಅದನ್ನು ಎರಡು ಸಲ ಬರೆಯಬೇಕು. 2005ರ RFC 4180 ಹೇಳುವುದೂ ಇದನ್ನೇ. ಈಗ, "ಸರಿ" ಆದ ಮೇಲಿನ ಮೊದಲ ಕೋಟ್‌ಗೇ ನಮ್ಮ ತುಂಡು ಮುಗಿದುಹೋಯಿತು ಅಂದುಕೊಳ್ಳಿ. ಆ ಕೋಟ್ ಫೀಲ್ಡ್ ಮುಗಿದ ಗುರುತೋ, ಜೋಡಿ ಕೋಟ್‌ನ ಮೊದಲರ್ಧವೋ? ಆ ಕ್ಷಣಕ್ಕೆ ಯಾರಿಗೂ ಹೇಳಲಾಗದು. ಮುಂದಿನ ತುಂಡಿನ ಮೊದಲ ಬೈಟ್ ಬರುವ ತನಕ ಕಾಯಬೇಕು. ಅದೂ ಕೋಟ್ ಆಗಿದ್ದರೆ ಜೋಡಿ. ಅಲ್ಪವಿರಾಮವೋ ಸಾಲಿನ ಕೊನೆಯೋ ಆಗಿದ್ದರೆ ಫೀಲ್ಡ್ ಮುಗಿಯಿತು. ಬೇರೇನಾದರೂ ಬಂದರೆ ಫೈಲೇ ಸರಿಯಿಲ್ಲ.

ಇಂಥ ಬಗ್ ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಚಿಕ್ಕ ಫೈಲ್ ಒಂದೇ ತುಂಡಿನಲ್ಲಿ ಬಂದುಬಿಡುತ್ತದೆ, ಎಲ್ಲಾ ಸರಿಯಾಗಿಯೇ ಕಾಣುತ್ತದೆ. ಆ ಗೆಳೆಯರ ಟೆಸ್ಟ್ ಅದೇ ಫೈಲನ್ನು ಒಂದೊಂದೇ ಬೈಟ್‌ನಂತೆ ಓದಿಸುತ್ತದೆ, ಆಮೇಲೆ ಎರಡೆರಡು, ಮೂರು ಮೂರು ಹೀಗೆ ಹೆಚ್ಚಿಸುತ್ತಾ ಹೋಗುತ್ತದೆ. ಯಾವ ಅಳತೆಯಲ್ಲಿ ತುಂಡು ಮಾಡಿದರೂ ಉತ್ತರ ಒಂದೇ ಇರಬೇಕು. ಈಗ ಪ್ರತಿ ಬದಲಾವಣೆಯೂ ಈ ಟೆಸ್ಟ್ ದಾಟಿಯೇ ಒಳಗೆ ಬರುತ್ತದೆ.

ಈ ಲೈಬ್ರರಿ ಮಾಡದ ಕೆಲಸಗಳನ್ನೂ ಹೇಳಬೇಕು. ಇದು ಯುಟಿಎಫ್-8 ಮಾತ್ರ ಓದುತ್ತದೆ. ಅದರಲ್ಲಿ ಕೋಟ್‌ನ ಬೈಟ್ ಬೇರೆ ಅಕ್ಷರದ ನಡುವೆ ಬರುವುದೇ ಇಲ್ಲ, ಹಾಗಾಗಿ ಮೂರು ಬೈಟ್‌ಗಳ ಕನ್ನಡ ಅಕ್ಷರ ಎರಡು ತುಂಡಿಗೆ ಹಂಚಿಹೋದರೂ ತೊಂದರೆಯಿಲ್ಲ. ಯುಟಿಎಫ್-16ರಲ್ಲಿ ಈ ಅನುಕೂಲವಿಲ್ಲ. ಫೀಲ್ಡ್‌ಗಳ ನಡುವೆ ಇರುವುದು ಅಲ್ಪವಿರಾಮವೋ ಅರ್ಧವಿರಾಮವೋ ಎಂದು ಲೈಬ್ರರಿ ಊಹಿಸುವುದಿಲ್ಲ, ನೀವೇ ಹೇಳಬೇಕು. 00123 ಅನ್ನು ಸಂಖ್ಯೆ ಮಾಡಿ ಸೊನ್ನೆ ಕಳೆಯುವುದೂ ಇಲ್ಲ, ಎಲ್ಲವೂ ಪಠ್ಯವಾಗಿಯೇ ಬರುತ್ತದೆ. ಊಹೆ ಬೇಕು ಎಂದು ಕೇಳಿದವರೊಬ್ಬರು, ಬೇಡ ಅಂದಾಗ ಬೇಸರ ಮಾಡಿಕೊಳ್ಳದೆ ಆ ಕಾರಣವನ್ನೇ ದಾಖಲೆ ಪುಟದಲ್ಲಿ ಬರೆದುಕೊಟ್ಟರು. ಅವರಿಗೆ ತುಂಬಾ ಋಣಿ.

ಕೋಟ್ ಮುಚ್ಚದೇ ಬಿಟ್ಟ ಫೈಲ್ ಸಿಕ್ಕರೆ ಉಳಿದದ್ದೆಲ್ಲಾ ಒಂದೇ ಫೀಲ್ಡ್ ಆಗಿಬಿಡುತ್ತದೆ ಅಲ್ವಾ? ಅದಕ್ಕೆ ಫೀಲ್ಡ್‌ನ ಗಾತ್ರಕ್ಕೆ ಮಿತಿ ಹಾಕಿದ್ದೇವೆ. ಮಿತಿ ದಾಟಿದರೆ ಓದುವುದು ನಿಲ್ಲುತ್ತದೆ, ಕೋಟ್ ತೆರೆದ ಸಾಲಿನ ಸಂಖ್ಯೆ ದೋಷದ ಸಂದೇಶದಲ್ಲೇ ಸಿಗುತ್ತದೆ. ಆ ಸಂಖ್ಯೆ ತೋರಿಸುವ ಕೋಡ್ ಬರೆದವರಿಗೆ ಇದು ಮೊದಲ ಓಪನ್ ಸೋರ್ಸ್ ಕೊಡುಗೆಯಂತೆ. ನಿಮಗೂ ಮನಸಾರೆ ಥ್ಯಾಂಕ್ಸ್. ನಿಮ್ಮ ಕೋಡ್ ಅಕ್ಷರವೂ ಬದಲಾಗದೆ 1.0.0ರಲ್ಲಿದೆ.