ನಿಮ್ಮ ಮನೆಯ ವೈ-ಫೈ ಬಾಕ್ಸ್ ಹಂಚುವ ವಿಳಾಸಗಳು ಬದಲಾಗುತ್ತಿವೆ

ಮಾನ್ಯ ಗ್ರಾಹಕರೆ,

ಮಳೆಗಾಲ ಶುರುವಾಗಿ ಕರೆಂಟ್ ಹೋಗಿ ಬರುವುದು ಹೆಚ್ಚಾದಂತೆ ಒಂದೇ ಬಗೆಯ ದೂರು ನಮಗೆ ಮತ್ತೆ ಮತ್ತೆ ಬರುತ್ತದೆ. ಲ್ಯಾಪ್‌ಟಾಪ್ ಪರದೆಯ ಮೇಲೆ "Windows has detected an IP address conflict" ಎಂದು ಕಾಣಿಸುತ್ತದೆ, ಇಂಟರ್ನೆಟ್ ನಿಲ್ಲುತ್ತದೆ, ಅದೇ ಹೊತ್ತಿಗೆ ಮನೆಯ ಫೋನುಗಳಲ್ಲಿ ಎಲ್ಲವೂ ಸರಿಯಾಗಿರುತ್ತದೆ. ಇದು ಕಂಬದಿಂದ ನಿಮ್ಮ ಮನೆಗೆ ಬರುವ ಫೈಬರಿನ ತೊಂದರೆಯಲ್ಲ. ನೆಟ್‌ವರ್ಕಿನಲ್ಲಿ ಪ್ರತಿ ಸಾಧನವನ್ನು ಗುರುತಿಸುವ ಸಂಖ್ಯೆಯೇ ಐಪಿ ವಿಳಾಸ; ಮನೆಯೊಳಗಿನ ಎರಡು ಸಾಧನಗಳು ಒಂದೇ ಐಪಿ ವಿಳಾಸವನ್ನು ತಮ್ಮದೆಂದು ಹಿಡಿದುಕೊಂಡಿವೆ ಎಂದು ಅದರ ಅರ್ಥ. ಹೀಗಾಗುವುದನ್ನು ಕಡಿಮೆ ಮಾಡಲು ನಾವು ಕೊಟ್ಟಿರುವ ಬಾಕ್ಸ್‌ಗಳ ಒಂದು ಸೆಟ್ಟಿಂಗನ್ನು ಬರುವ ತಿಂಗಳ 15ರ ರಾತ್ರಿ ಬದಲಿಸುತ್ತಿದ್ದೇವೆ.

ಮನೆಯ ಫೋನು, ಟಿವಿ, ಲ್ಯಾಪ್‌ಟಾಪ್‌ಗಳು ವೈ-ಫೈಗೆ ಸೇರಿದಾಗ ಬಾಕ್ಸನ್ನು ಕೇಳಿ ವಿಳಾಸ ಪಡೆಯುತ್ತವೆ. ಈ ಕೆಲಸಕ್ಕೆ ಡಿಎಚ್‌ಸಿಪಿ ಎನ್ನುತ್ತಾರೆ. ಬಾಕ್ಸ್‌ನ ವಿಳಾಸ 192.168.1.1. ಅದು ಈವರೆಗೆ 192.168.1.2ರಿಂದ 192.168.1.254ರವರೆಗೆ ಯಾವುದು ಖಾಲಿಯಿದೆಯೋ ಅದನ್ನು ಕೊಡುತ್ತಿತ್ತು. ಯಾವುದು ಖಾಲಿ ಎಂದು ಅದಕ್ಕೆ ತಿಳಿಯುವುದು ತಾನೇ ಬರೆದಿಟ್ಟುಕೊಂಡ ಪಟ್ಟಿಯಿಂದ. ತನ್ನನ್ನು ಕೇಳದೆ ವಿಳಾಸ ಇಟ್ಟುಕೊಂಡ ಸಾಧನ ಆ ಪಟ್ಟಿಯಲ್ಲಿ ಇರುವುದೇ ಇಲ್ಲ.

ಕೇಳದೆ ಇಟ್ಟುಕೊಳ್ಳುವ ಸಾಧನ ನಮ್ಮ ಕಡೆ ಹೆಚ್ಚಿನ ಮನೆಗಳಲ್ಲಿ ಒಂದಾದರೂ ಇದೆ, ಸಿಸಿಟಿವಿಯ ಡಿವಿಆರ್. ಕ್ಯಾಮೆರಾ ಹಾಕಲು ಬಂದವರು ಅದಕ್ಕೆ ಕೈಯಾರೆ ಒಂದು ವಿಳಾಸ ಬರೆದು ಹೋಗಿರುತ್ತಾರೆ. ಅದು ತಪ್ಪಲ್ಲ. ಯಾವಾಗಲೂ ಒಂದೇ ಕಡೆ ಸಿಗಬೇಕಾದ ಸಾಧನಕ್ಕೆ ಸ್ಥಿರ ವಿಳಾಸವೇ ಬೇಕು. ಆದರೆ ಆ ವಿಳಾಸ ಬಾಕ್ಸ್ ಹಂಚುವ ವಿಳಾಸಗಳ ನಡುವೆಯೇ ಇದ್ದರೆ ತೊಂದರೆ ಕಾದಿರುತ್ತದೆ.

ಗೋಣಿಕೊಪ್ಪದ ಆಚೆಯ ಒಂದು ತೋಟದ ಮನೆ ಎಂದುಕೊಳ್ಳಿ. ಕಾಫಿ ಕಣದ ಕ್ಯಾಮೆರಾಗಳ ಡಿವಿಆರ್ ಸ್ಟೋರಿನಲ್ಲಿದೆ, ಅದರ ವಿಳಾಸ 192.168.1.10. ಬಾಕ್ಸ್‌ಗೆ ಇನ್ವರ್ಟರ್ ಸಂಪರ್ಕವಿದೆ, ಸ್ಟೋರಿಗೆ ಇಲ್ಲ. ಮಧ್ಯಾಹ್ನ ಕರೆಂಟ್ ಹೋಗುತ್ತದೆ, ಡಿವಿಆರ್ ಆರುತ್ತದೆ. ಆಗ ಮನೆಗೆ ಬಂದ ನೆಂಟರು ಲ್ಯಾಪ್‌ಟಾಪ್ ತೆರೆಯುತ್ತಾರೆ, ಅದು ಬಾಕ್ಸನ್ನು ವಿಳಾಸ ಕೇಳುತ್ತದೆ. ಪಟ್ಟಿಯ ಪ್ರಕಾರ .10 ಖಾಲಿ. ಕೊಡುವ ಮೊದಲು ಆ ವಿಳಾಸಕ್ಕೆ ಒಮ್ಮೆ ಕೂಗಿ ನೋಡುವ ಬಾಕ್ಸ್‌ಗಳೂ ಇವೆ, ಆದರೆ ಆರಿರುವ ಡಿವಿಆರ್ ಓಗೊಡುವುದಿಲ್ಲ. ಹಾಗಾಗಿ .10 ಲ್ಯಾಪ್‌ಟಾಪ್‌ಗೆ ಹೋಗುತ್ತದೆ. ಸಂಜೆ ಕರೆಂಟ್ ಬರುತ್ತದೆ, ಡಿವಿಆರ್ ಎದ್ದು ಯಾರನ್ನೂ ಕೇಳದೆ ತನ್ನ ಹಳೆಯ .10ನ್ನೇ ಹಿಡಿಯುತ್ತದೆ. ಆ ಕ್ಷಣದಿಂದ .10ಕ್ಕೆ ಕಳಿಸಿದ್ದು ಒಮ್ಮೆ ಡಿವಿಆರ್‌ಗೆ, ಒಮ್ಮೆ ಲ್ಯಾಪ್‌ಟಾಪ್‌ಗೆ ಹೋಗುತ್ತದೆ. ಯಾವುದು ಕೊನೆಗೆ "ಈ ವಿಳಾಸ ನನ್ನದು" ಎಂದಿತೋ ಅದನ್ನೇ ಉಳಿದವು ನಂಬುವುದು ಇದಕ್ಕೆ ಕಾರಣ. ಕ್ಯಾಮೆರಾ ಆ್ಯಪ್ ಬಿಟ್ಟು ಬಿಟ್ಟು ತೆರೆದುಕೊಳ್ಳುವುದೂ ಇದರಿಂದಲೇ.

ಇಲ್ಲಿ ಗಮನಿಸಬೇಕಾದ ಒಂದು ವಿಷಯವಿದೆ. ಒಂದು ವಿಳಾಸ ಬಳಸುವ ಮೊದಲು "ಇದನ್ನು ಬೇರೆ ಯಾರಾದರೂ ಬಳಸುತ್ತಿದ್ದೀರಾ" ಎಂದು ಮೂರು ಸಲ ಕೇಳಬೇಕು ಎಂಬ ಕ್ರಮ 2008ರ ಆರ್‌ಎಫ್‌ಸಿ 5227 ಎಂಬ ಇಂಟರ್ನೆಟ್ ಮಾನದಂಡದ ದಾಖಲೆಯಲ್ಲಿದೆ. ವಿಂಡೋಸ್ ಲ್ಯಾಪ್‌ಟಾಪ್ ಹೀಗೆ ಕೇಳುತ್ತದೆ, ಘರ್ಷಣೆ ಕಂಡರೆ ಹೇಳುತ್ತದೆ. ಅನೇಕ ಡಿವಿಆರ್‌ಗಳು ಕೇಳುವುದೂ ಇಲ್ಲ, ಹೇಳುವುದೂ ಇಲ್ಲ. ಆದ್ದರಿಂದ ಸಂದೇಶ ಬಂದ ಸಾಧನವೇ ಕೆಟ್ಟಿದೆ ಎಂದು ಅದನ್ನು ರಿಪೇರಿಗೆ ಒಯ್ಯಬೇಡಿ. ಸಾಮಾನ್ಯವಾಗಿ ಅದರಲ್ಲಿ ಏನೂ ದೋಷವಿರುವುದಿಲ್ಲ.

ಇನ್ನು ಬದಲಾವಣೆ. 15ರ ನಂತರ ಬಾಕ್ಸ್ 192.168.1.100ರಿಂದ 192.168.1.199ರವರೆಗಿನ ನೂರು ವಿಳಾಸಗಳನ್ನು ಮಾತ್ರ ಹಂಚುತ್ತದೆ. 2ರಿಂದ 99ರವರೆಗಿನವನ್ನು ಅದು ಮುಟ್ಟುವುದಿಲ್ಲ. ಡಿವಿಆರ್, ಪ್ರಿಂಟರ್‌ನಂಥವಕ್ಕೆ ಕೈಯಾರೆ ವಿಳಾಸ ಕೊಡುವಾಗ ಅಲ್ಲಿಂದಲೇ ಆರಿಸಿ. ಮೇಲೆ ಹೇಳಿದ ಮನೆಯಲ್ಲಿ ಡಿವಿಆರ್ .10ರಲ್ಲೇ ಉಳಿಯುತ್ತದೆ, ಲ್ಯಾಪ್‌ಟಾಪ್‌ಗೆ .100ರ ಮೇಲಿನದು ಸಿಗುತ್ತದೆ, ಕರೆಂಟ್ ಎಷ್ಟು ಸಲ ಹೋಗಿ ಬಂದರೂ ಎರಡೂ ಎದುರಾಗುವುದಿಲ್ಲ. ಬದಲಾವಣೆಯನ್ನು ನಮ್ಮ ಕಚೇರಿಯಿಂದಲೇ ಮಾಡುತ್ತೇವೆ. ಬಾಕ್ಸ್ ಒಮ್ಮೆ ಆರಿ ಹೊತ್ತಿಕೊಳ್ಳುತ್ತದೆ, ಫೋನುಗಳು ತಾವಾಗಿಯೇ ಹೊಸ ವಿಳಾಸ ಪಡೆಯುತ್ತವೆ. ವೈ-ಫೈ ಹೆಸರು, ಪಾಸ್‌ವರ್ಡ್ ಎರಡೂ ಹಾಗೆಯೇ ಇರುತ್ತವೆ.

ನಿಮ್ಮಿಂದ ಕೆಲಸ ಬೇಕಾಗುವುದು ಎರಡು ಸಂದರ್ಭಗಳಲ್ಲಿ. ಮೊದಲನೆಯದು, ಕೈಯಾರೆ ಬರೆದ ವಿಳಾಸ 100ರಿಂದ 199ರ ನಡುವೆ ಇದ್ದರೆ. ಡಿವಿಆರ್‌ನ ನೆಟ್‌ವರ್ಕ್ ಪುಟದಲ್ಲಿ ನೋಡಿ, 192.168.1.108 ಎಂದಿದ್ದರೆ ಅದನ್ನು 192.168.1.10 ಮಾಡಿ, ಕೆಳಗಿನ ಸಬ್‌ನೆಟ್ ಮಾಸ್ಕ್ 255.255.255.0, ಗೇಟ್‌ವೇ 192.168.1.1 ಹಾಗೆಯೇ ಬಿಡಿ. ಹೊರಗಿನಿಂದ ಕ್ಯಾಮೆರಾ ನೋಡಲು ಪೋರ್ಟ್ ಫಾರ್ವರ್ಡಿಂಗ್ ಮಾಡಿಸಿದ್ದರೆ ಅಲ್ಲಿಯೂ ಹೊಸ ವಿಳಾಸ ಬರೆಯಬೇಕು, ಇಲ್ಲದಿದ್ದರೆ ಮನೆಯಲ್ಲಿ ಕಾಣುವ ಚಿತ್ರ ಮೈಸೂರಿನಲ್ಲಿ ಕಾಣುವುದಿಲ್ಲ. ಎರಡನೆಯದು ವೈ-ಫೈ ಪ್ರಿಂಟರ್. ಅದು ತಾನಾಗಿ ಹೊಸ ವಿಳಾಸಕ್ಕೆ ಹೋಗುತ್ತದೆ, ಆದರೆ ಕಂಪ್ಯೂಟರ್ ಹಳೆಯ ವಿಳಾಸಕ್ಕೇ ಕಾಗದ ಕಳಿಸುತ್ತಿದ್ದರೆ ಪ್ರಿಂಟರ್ "Offline" ಎಂದು ತೋರಿಸಬಹುದು. ಪ್ರಿಂಟರ್‌ಗೆ .20ರಂಥ ಸ್ಥಿರ ವಿಳಾಸ ಕೊಟ್ಟು ಕಂಪ್ಯೂಟರಿಗೆ ಮತ್ತೊಮ್ಮೆ ಸೇರಿಸಿ.

ಈ ಬದಲಾವಣೆಯಿಂದ ಸರಿಹೋಗದ ಒಂದು ಸಂಗತಿ ಹೋಂಸ್ಟೇ ನಡೆಸುವವರಿಗೆ ಸಂಬಂಧಿಸಿದ್ದು. ಕಾಟೇಜಿನವರೆಗೆ ವೈ-ಫೈ ಮುಟ್ಟಲೆಂದು ಅಂಗಡಿಯಿಂದ ಇನ್ನೊಂದು ರೂಟರ್ ತಂದು ಕೇಬಲ್ಲಿನಿಂದ ಜೋಡಿಸಿದ್ದರೆ, ಅದೂ ವಿಳಾಸ ಹಂಚುತ್ತಿರಬಹುದು. ಒಂದು ಕೊಟ್ಟದ್ದು ಇನ್ನೊಂದರ ಪಟ್ಟಿಯಲ್ಲಿರುವುದಿಲ್ಲ, ಹಾಗಾಗಿ ಇಬ್ಬರು ಅತಿಥಿಗಳ ಫೋನಿಗೆ ಒಂದೇ ವಿಳಾಸ ಸಿಗಬಹುದು. ಆ ರೂಟರಿನ ವಿಳಾಸವೂ 192.168.1.1 ಆಗಿದ್ದರೆ ಇಡೀ ಮನೆಯ ಇಂಟರ್ನೆಟ್ಟೇ ತಡವರಿಸುತ್ತದೆ. ಅದನ್ನು ನಮ್ಮ ಬಾಕ್ಸಿನಿಂದ ಬಿಡಿಸಿ, ಒಂದು ಲ್ಯಾಪ್‌ಟಾಪನ್ನು ಮಾತ್ರ ಅದಕ್ಕೆ ಜೋಡಿಸಿಕೊಂಡು, ಅದರ ಸೆಟ್ಟಿಂಗ್ ಪುಟದಲ್ಲಿ DHCP Server ಅನ್ನು ಆಫ್ ಮಾಡಿ. ಬಳಿಕ ಅದರ ವಿಳಾಸವನ್ನು 192.168.1.2 ಮಾಡಿ ಸೇವ್ ಕೊಡಿ. ನಂತರ ನಮ್ಮ ಬಾಕ್ಸಿನಿಂದ ಬರುವ ಕೇಬಲನ್ನು ಅದರ WAN ತೂತಿಗಲ್ಲ, LAN ತೂತಿಗೆ ಹಾಕಿ.

15ರ ನಂತರವೂ ಸಂದೇಶ ಬಂದರೆ, ಲ್ಯಾಪ್‌ಟಾಪಿನ ಕಮಾಂಡ್ ಪ್ರಾಂಪ್ಟ್‌ನಲ್ಲಿ ಮೊದಲು ಹೊಸ ವಿಳಾಸ ಪಡೆಯಿರಿ:

```
ipconfig /release
ipconfig /renew
```

ವಿಳಾಸ 169.254ರಿಂದ ಶುರುವಾದರೆ ಬಾಕ್ಸಿನಿಂದ ಏನೂ ಸಿಕ್ಕಿಲ್ಲ ಎಂದರ್ಥ. ವೈ-ಫೈ ಆರಿಸಿ ಹೊತ್ತಿಸಿ ಮತ್ತೆ ಪ್ರಯತ್ನಿಸಿ. ಸರಿಯಾದದ್ದು ಸಿಕ್ಕ ಮೇಲೆ, ಜಗಳಕ್ಕೆ ಬಿದ್ದ ವಿಳಾಸ .108 ಆಗಿದ್ದರೆ ಹೀಗೆ ನೋಡಿ:

```
ping 192.168.1.108
arp -a
```

ಪಿಂಗ್‌ಗೆ ಉತ್ತರ ಬಾರದಿದ್ದರೂ ಚಿಂತೆಯಿಲ್ಲ. ಎರಡನೆಯ ಆಜ್ಞೆ ತೋರಿಸುವ ಪಟ್ಟಿಯಲ್ಲಿ ಆ ವಿಳಾಸದ ಪಕ್ಕ ಎರಡೆರಡು ಅಕ್ಷರಗಳ ಆರು ಜೋಡಿ ಇರುತ್ತವೆ, ಅದು ಸಾಧನದ ಮ್ಯಾಕ್ ಸಂಖ್ಯೆ. ಡಿವಿಆರ್, ಪ್ರಿಂಟರ್, ಟಿವಿಗಳ ಅಡಿಯಲ್ಲಿ ಅಂಟಿಸಿದ ಚೀಟಿಗಳ ಜೊತೆ ಅದನ್ನು ಹೋಲಿಸಿದರೆ ವಿಳಾಸ ಹಿಡಿದಿರುವುದು ಯಾವುದೆಂದು ತಿಳಿಯುತ್ತದೆ. ಫೋನಾಗಿದ್ದರೆ ಈ ಹೋಲಿಕೆ ನಡೆಯದಿರಬಹುದು, ಏಕೆಂದರೆ ಈಚಿನ ಫೋನುಗಳು ಪ್ರತಿ ವೈ-ಫೈಗೂ ಬೇರೆ ಮ್ಯಾಕ್ ಸಂಖ್ಯೆ ತೋರಿಸುತ್ತವೆ; ಫೋನಿನ ವೈ-ಫೈ ವಿವರದ ಪುಟದಲ್ಲಿ ಕಾಣುವ ಸಂಖ್ಯೆಯೊಂದಿಗೆ ಹೋಲಿಸಿ.

ಚೀಟಿ ಸಿಗದಿದ್ದರೆ ಆ ಪಟ್ಟಿಯ ಫೋಟೊ ತೆಗೆದು ನಮಗೆ ಕಳಿಸಿ. ಡಿವಿಆರ್‌ನ ಪಾಸ್‌ವರ್ಡ್ ನಿಮ್ಮ ಬಳಿ ಇಲ್ಲದಿದ್ದರೆ 15ಕ್ಕೆ ಮುಂಚೆಯೇ ಕ್ಯಾಮೆರಾ ಹಾಕಿದವರಿಂದ ಕೇಳಿ ಪಡೆದಿಟ್ಟುಕೊಳ್ಳಿ. ಅದಿಲ್ಲದೆ ಅದರ ವಿಳಾಸ ಬದಲಿಸಲು ನಮ್ಮ ಹುಡುಗರಿಗೂ ಆಗುವುದಿಲ್ಲ.

ಇಂತಿ,
ತಾಂತ್ರಿಕ ವಿಭಾಗ